ಮೂರು ದಿನ ಸಿಗದ ಷೇರು ನಾಲ್ಕನೇ ದಿನ ಸಿಕ್ಕಿತು: ದಾವಣಗೆರೆಯ ಒಂದು ಪ್ರಕರಣ

ದಾವಣಗೆರೆ ಎಪಿಎಂಸಿಯ ಒಂದು ಮೆಕ್ಕೆಜೋಳದ ಮಂಡಿಯಲ್ಲಿ ಲೆಕ್ಕ ಬರೆಯುವವರೊಬ್ಬರು ಆದಾಯ ತೆರಿಗೆ ರಿಟರ್ನ್ ಹಾಕಿಸಲು ನನ್ನ ಹತ್ತಿರ ಬರುತ್ತಾರೆ. ಒಂದು ವರ್ಷ ಫಾರಂ 16ರ ಜೊತೆ ಬ್ರೋಕರ್ ಕಳಿಸಿದ ಸ್ಟೇಟ್‌ಮೆಂಟನ್ನೂ ತಂದರು. ಅದರಲ್ಲಿ ಇದ್ದದ್ದು ಒಂದೇ ಕಂಪನಿ. ಮೂರು ಸಲ ಖರೀದಿ, ಎರಡು ಸಲ ಮಾರಾಟ. ಕೊಂಡದ್ದು 2,49,100 ರೂಪಾಯಿಗೆ, ಮಾರಿದ್ದು 89,300ಕ್ಕೆ. ಉಳಿದ 1,59,800 ರೂಪಾಯಿ ಎಲ್ಲಿ ಹೋಯಿತು ಅಂತ ಅವರಿಗೆ ಆಗಲೂ ಸರಿಯಾಗಿ ಗೊತ್ತಿರಲಿಲ್ಲ. "ಮಾರ್ಕೆಟ್ ಬಿತ್ತು ಸರ್" ಅಂದರು. ಮಾರ್ಕೆಟ್ ಬಿದ್ದಿರಲಿಲ್ಲ. ಆ ಎರಡು ತಿಂಗಳು ಸೆನ್ಸೆಕ್ಸ್ ತನ್ನ ಪಾಡಿಗೆ ತಾನಿತ್ತು.

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ, ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಕಂಪನಿಯ ಹೆಸರು ಬೇಡ. ಇಂಥ ಕಂಪನಿಗಳ ನಡೆ ಎಲ್ಲ ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ.

ನಡೆದದ್ದು

ಹರಿಹರದಲ್ಲಿರುವ ಅವರ ಷಡ್ಡಕರು ಮೇ ಮೊದಲ ವಾರ ಒಂದು ಟೆಲಿಗ್ರಾಂ ಗುಂಪಿಗೆ ಸೇರಿಸಿದರು. ಗುಂಪಿನಲ್ಲಿ ಸಾವಿರಾರು ಜನ. ಅಡ್ಮಿನ್ ಯಾರು, ಯಾವ ಊರಿನವನು, ಯಾರಿಗೂ ಗೊತ್ತಿಲ್ಲ. ದಿನಾ ಬೆಳಿಗ್ಗೆ ಒಂದೇ ಷೇರಿನ ಹೆಸರು, ಪಕ್ಕದಲ್ಲಿ "ಟಾರ್ಗೆಟ್ 150", ಸಂಜೆ ಆ ಷೇರು ಅಪ್ಪರ್ ಸರ್ಕ್ಯೂಟ್, ಅಂದರೆ ಆ ದಿನ ಏರಬಹುದಾದ ಮೇಲಿನ ಮಿತಿ, ಮುಟ್ಟಿದ ಸ್ಕ್ರೀನ್‌ಶಾಟ್. ಹಿಂದೆ ಬಟ್ಟೆ ವ್ಯಾಪಾರ ಮಾಡುತ್ತಿದ್ದ ಕಂಪನಿ ಅದು. ಈಚೆಗೆ ಹೆಸರು ಬದಲಿಸಿಕೊಂಡು ಸೋಲಾರ್ ಕಂಪನಿ ಆಗಿತ್ತು. ಜನವರಿಯಲ್ಲಿ 16 ರೂಪಾಯಿ ಇದ್ದ ಷೇರು ಮಾರ್ಚ್ ಮಧ್ಯದಿಂದ ಹೆಚ್ಚು ಕಡಿಮೆ ದಿನವೂ ಶೇ 5ರಷ್ಟು ಏರಿ ಆ ವೇಳೆಗೆ 71ಕ್ಕೆ ಬಂದಿತ್ತು.

ಇವರು ಮೊದಲ ದಿನ 300 ಷೇರಿಗೆ ಆರ್ಡರ್ ಹಾಕಿದರು. ಸಿಗಲಿಲ್ಲ. ಎರಡನೇ ದಿನವೂ ಇಲ್ಲ, ಮೂರನೇ ದಿನವೂ ಇಲ್ಲ. ಆ್ಯಪಿನಲ್ಲಿ ಕೊಳ್ಳುವವರ ಸಾಲಿನಲ್ಲಿ ಮೂರು ಲಕ್ಷಕ್ಕೂ ಜಾಸ್ತಿ ಷೇರಿನ ಆರ್ಡರ್ ಕಾಣುತ್ತಿತ್ತು. ಮಾರುವವರ ಸಾಲಿನಲ್ಲಿ ಸೊನ್ನೆ. "ಇಷ್ಟು ಜನ ಕಾಯ್ತಾ ಇದಾರೆ ಅಂದ್ರೆ ಏನೋ ಇರ್ಲೇಬೇಕು ಅನ್ನಿಸ್ತು ಸರ್" ಅಂದರು.

ನಾಲ್ಕನೇ ದಿನ ಬೆಳಿಗ್ಗೆ 82 ರೂಪಾಯಿಗೆ ಹಾಕಿದ ಆರ್ಡರ್ ಒಂದೇ ನಿಮಿಷದಲ್ಲಿ ಪೂರ್ತಿ ಆಯಿತು. ಖುಷಿಯೋ ಖುಷಿ. ಎರಡು ದಿನ ಬಿಟ್ಟು 88ಕ್ಕೆ ಇನ್ನೂ 1,000, ಆಮೇಲೆ 91ಕ್ಕೆ 1,500. ಮಗಳ ಕಾಲೇಜು ಫೀಸಿಗೆ ಇಟ್ಟಿದ್ದ ಎಫ್‌ಡಿ ಮುರಿದದ್ದು ಈ ಕೊನೆಯ ಖರೀದಿಗೆ. ಒಟ್ಟು 2,800 ಷೇರು. ಎರಡೂವರೆ ವಾರ ಬೆಲೆ 80ರಿಂದ 94ರ ನಡುವೆ ಓಡಾಡಿತು. ದಿನಾ ಲಕ್ಷಗಟ್ಟಲೆ ಷೇರು ಕೈ ಬದಲಾಗುತ್ತಿತ್ತು. ಅತಿ ಹೆಚ್ಚು ಅಂದರೆ 94ಕ್ಕೆ ಮುಗಿದ ದಿನ ಇವರ ಲೆಕ್ಕದಲ್ಲಿ 14,100 ರೂಪಾಯಿ ಲಾಭ ಇತ್ತು.

ಜೂನ್ ಆರಂಭದಿಂದ ಲೋವರ್ ಸರ್ಕ್ಯೂಟ್, ಅಂದರೆ ದಿನವೂ ಕೆಳಗಿನ ಮಿತಿಗೇ ಇಳಿಯುವುದು. 94 ಇದ್ದದ್ದು 89.30, ಮಾರನೇ ದಿನ ಸುಮಾರು 84.85, ಹೀಗೇ ದಿನಕ್ಕೆ ಶೇ 5. ಮೊದಲ ಐದು ದಿನ ಇವರು ಮಾರಲು ಹೋಗಲೇ ಇಲ್ಲ. "ಆಪರೇಟರ್ ಸಣ್ಣವರನ್ನ ಅಲ್ಲಾಡಿಸ್ತಾ ಇದಾನೆ, ಗಟ್ಟಿಯಾಗಿ ಕೂತ್ಕೊಳ್ಳಿ" ಅಂತ ಗುಂಪಿನಲ್ಲಿ ಮೆಸೇಜು ಬಂದಿತ್ತು. ಆಪರೇಟರ್ ಅಂದರೆ ತೆರೆಮರೆಯಲ್ಲಿ ಬೆಲೆ ಆಡಿಸುವವನು. ಆಮೇಲೆ ಮಾರಲು ಹೊರಟರೆ ಪರದೆ ತಿರುವುಮುರುವಾಗಿತ್ತು. ಮಾರುವವರ ಸಾಲಿನಲ್ಲಿ ನಾಲ್ಕೂವರೆ ಲಕ್ಷ ಷೇರು, ಕೊಳ್ಳುವವರ ಕಡೆ ಸೊನ್ನೆ. ದಿನಕ್ಕೆ ಎಲ್ಲ ಸೇರಿ ಒಂಬತ್ತು ಹತ್ತು ಸಾವಿರ ಷೇರು ಹೋದರೆ ಜಾಸ್ತಿ. ಹದಿನಾರನೇ ಲೋವರ್ ಸರ್ಕ್ಯೂಟಿನ ದಿನ 1,100 ಷೇರು 41ಕ್ಕೆ ಹೋಯಿತು. ಉಳಿದ 1,700 ಷೇರನ್ನು ಜುಲೈ ಮಧ್ಯದಲ್ಲಿ ಸರ್ಕ್ಯೂಟ್ ಬಿಚ್ಚಿ ಕೊಳ್ಳುವವರು ಬಂದಾಗ 26ಕ್ಕೆ ಕೊಟ್ಟು ಕೈ ತೊಳೆದುಕೊಂಡರು. ಗುಂಪು ಅಷ್ಟು ಹೊತ್ತಿಗೆ ಮಾಯ.

ಆ ಸೊನ್ನೆಯ ಅರ್ಥ

ಈ ಪ್ರಕರಣದಲ್ಲಿ ನಾನು ಅವರಿಗೆ ಹೆಚ್ಚು ಹೊತ್ತು ಹೇಳಿದ್ದು ಆ ಮೂರು ದಿನದ ಬಗ್ಗೆ. ಷೇರು ಸಿಗದೇ ಇದ್ದದ್ದು, ಆಮೇಲೆ ಥಟ್ಟನೆ ಸಿಕ್ಕಿದ್ದು.

ಇಂಥ ಚಿಕ್ಕ ಷೇರಿಗೆ ಎಕ್ಸ್‌ಚೇಂಜು ದಿನಕ್ಕೆ ಇಷ್ಟೇ ಏರಬಹುದು, ಇಷ್ಟೇ ಇಳಿಯಬಹುದು ಅಂತ ಮಿತಿ ಹಾಕಿರುತ್ತದೆ. ಶೇ 2, 5, 10, 20 ಹೀಗೆ. ಈ ಷೇರಿಗೆ ಶೇ 5 ಇತ್ತು. ಮೇಲಿನ ಮಿತಿ ಮುಟ್ಟಿದ ಮೇಲೆ ಅದಕ್ಕಿಂತ ಜಾಸ್ತಿ ಕೊಡುತ್ತೇನೆ ಅಂದರೂ ಆರ್ಡರ್ ಹೋಗುವುದಿಲ್ಲ. ಯಾರಾದರೂ ಮಾರಿದರೆ ಮಾತ್ರ ಸಿಗುತ್ತದೆ. ದಿನಾ ಶೇ 5 ಅಂದರೆ ಸುಮಾರು 14 ವಹಿವಾಟಿನ ದಿನಕ್ಕೆ ಬೆಲೆ ಎರಡರಷ್ಟು. ಸದ್ದಿಲ್ಲದೆ ಏರಿಸಲು ಇದು ಧಾರಾಳ ಸಾಕು.

ಏರಿಸಲು ದುಡ್ಡು ಎಷ್ಟು ಬೇಕು? ಇಲ್ಲಿ ಹೊಸಬರಿಗೆ ತಲೆ ಕೆಡುತ್ತದೆ. ಜನವರಿಯಲ್ಲಿ ಈ ಷೇರು ದಿನಕ್ಕೆ ಸುಮಾರು 3,000 ಕೈ ಬದಲಾಗುತ್ತಿತ್ತು. 16 ರೂಪಾಯಿ ಲೆಕ್ಕದಲ್ಲಿ 48 ಸಾವಿರ ರೂಪಾಯಿ. ಇಡೀ ದೇಶದಲ್ಲಿ ಒಂದು ದಿನಕ್ಕೆ, ಅಷ್ಟೇ. ಕೆಲವು ದಿನ ಒಂದು ವಹಿವಾಟೂ ಇಲ್ಲ. ಇಂಥ ಕಡೆ ಒಬ್ಬನೇ ನಾಲ್ಕಾರು ಖಾತೆ ಇಟ್ಟುಕೊಂಡು, ಒಂದರಿಂದ ಮಾರಿ ಇನ್ನೊಂದರಿಂದ ಕೊಂಡರೆ ಬೆಲೆ ಅವನು ಹೇಳಿದಷ್ಟು. ಕೊಳ್ಳುವವರ ಸಾಲಿನಲ್ಲಿ ಕಂಡ ಮೂರು ಲಕ್ಷದ ಆರ್ಡರೂ ಅವನದೇ ಇರಬಹುದು. ಮಾರುವವರೇ ಇಲ್ಲ ಅಂತ ಅವನಿಗೆ ಗೊತ್ತು. ಹಾಗಾಗಿ ಆ ಆರ್ಡರ್ ಪೂರ್ತಿಯಾಗಿ ದುಡ್ಡು ಕೊಡಬೇಕಾದೀತು ಎಂಬ ಭಯ ಅವನಿಗಿಲ್ಲ. ಸಂಜೆ ತೆಗೆದುಬಿಡುತ್ತಾನೆ. ನಾವು ನೋಡುವುದು ಬರೀ ಉದ್ದನೆಯ ಕ್ಯೂ.

ಅವರಿಗೆ ಇದು ತಲೆಗೆ ಹೋಗಿದ್ದು ಅವರ ಮಂಡಿಯ ಲೆಕ್ಕದಲ್ಲೇ. ಮೆಕ್ಕೆಜೋಳಕ್ಕೆ ಕ್ವಿಂಟಲಿಗೆ 200 ರೂಪಾಯಿ ಏರಿದೆ ಅಂದರೆ ಮಾರನೇ ದಿನ ಜಗಳೂರು, ಹರಪನಹಳ್ಳಿ ಕಡೆಯಿಂದ ಗಾಡಿ ಮೇಲೆ ಗಾಡಿ ಬರುತ್ತದೆ. ಕಟ್ಟಿಟ್ಟವರೆಲ್ಲ ಚೀಲ ಬಿಚ್ಚುತ್ತಾರೆ. ಈ ಷೇರಿನ ಬೆಲೆ ನಾಲ್ಕು ಪಟ್ಟು ದಾಟಿತ್ತು, ಒಂದು ಚೀಲವೂ ಬಂದಿಲ್ಲ. ಯಾಕೆ ಬಂದಿಲ್ಲ? "ಮಾಲೆಲ್ಲ ಒಬ್ನತ್ರನೇ ಐತಿ ಅಂದಂಗಾತು" ಅಂದರು ಅವರೇ.

ಹಾಗಾದರೆ ನಾಲ್ಕನೇ ದಿನ ಅವರಿಗೆ 300 ಷೇರು ಒಂದೇ ನಿಮಿಷದಲ್ಲಿ ಕೊಟ್ಟವರು ಯಾರು? ಆವತ್ತು ಒಂದೇ ದಿನ 8 ಲಕ್ಷ ಷೇರು ಕೈ ಬದಲಾಗಿದೆ. ಹಿಂದಿನ ವಾರ ದಿನಕ್ಕೆ 20 ಸಾವಿರ ದಾಟಿರಲಿಲ್ಲ. ಮಾಲು ಇಟ್ಟುಕೊಂಡವನು ಬಾಗಿಲು ತೆಗೆದಿದ್ದಾನೆ, ಅಷ್ಟೇ. ಸಿಗದ ಷೇರು ಥಟ್ಟನೆ ಬೇಕಾದಷ್ಟು ಸಿಕ್ಕರೆ ಅದು ಅದೃಷ್ಟ ಅಲ್ಲ, ಹಂಚಿಕೆ ಶುರುವಾದ ಗುರುತು. ಏರಿಕೆ ನಿಂತು, ಬೆಲೆ ಒಂದೇ ಜಾಗದಲ್ಲಿ ಓಲಾಡುತ್ತಾ, ವಹಿವಾಟು ಮಾತ್ರ ಹತ್ತಿಪ್ಪತ್ತು ಪಟ್ಟು ಆದ ಆ ಎರಡೂವರೆ ವಾರವೇ ಇಡೀ ಆಟದ ಹೊಟ್ಟೆ. ಏರಿಸಿದ್ದೆಲ್ಲ ಅದಕ್ಕಾಗಿ.

ಮೇ ತಿಂಗಳೇ ಯಾಕೆ

ಇದು ನನಗೂ ಕುತೂಹಲ ಇತ್ತು. ಉತ್ತರ ಬಿಎಸ್‌ಇ ವೆಬ್‌ಸೈಟಿನಲ್ಲಿ, ಯಾರು ಬೇಕಾದರೂ ನೋಡಬಹುದಾದ ಕಡೆಯಲ್ಲೇ ಇತ್ತು. ಕಂಪನಿಯ ಪುಟ ತೆರೆದರೆ ಷೇರ್‌ಹೋಲ್ಡಿಂಗ್ ಪ್ಯಾಟರ್ನ್ ಅಂತ ಒಂದು ಭಾಗ ಇರುತ್ತದೆ. ಪ್ರತಿ ಮೂರು ತಿಂಗಳು ಮುಗಿದ 21 ದಿನದೊಳಗೆ ಕಂಪನಿ ಇದನ್ನು ಕೊಡಲೇಬೇಕು. ಯಾರ ಹತ್ತಿರ ಎಷ್ಟು ಷೇರು ಇದೆ ಅಂತ ಅದರಲ್ಲಿರುತ್ತದೆ. ಶೇ 1 ಮತ್ತು ಅದಕ್ಕಿಂತ ಜಾಸ್ತಿ ಇಟ್ಟುಕೊಂಡವರ ಹೆಸರೂ ಇರುತ್ತದೆ.

ಹಿಂದಿನ ಸೆಪ್ಟೆಂಬರ್ ಕೊನೆಗೆ ಕಂಪನಿಯ ಒಟ್ಟು ಷೇರು 80 ಲಕ್ಷ. ಪ್ರವರ್ತಕರ, ಅಂದರೆ ಕಂಪನಿಯನ್ನು ಹಿಡಿತದಲ್ಲಿಟ್ಟು ನಡೆಸುವವರ ಹತ್ತಿರ 38 ಲಕ್ಷ, ಶೇ 47ರ ಮೇಲೆ. ಡಿಸೆಂಬರ್ ಕೊನೆಯ ಪಟ್ಟಿ ನೋಡಿದರೆ ಒಟ್ಟು ಷೇರು 2 ಕೋಟಿ. ನಡುವೆ 1 ಕೋಟಿ 20 ಲಕ್ಷ ಹೊಸ ಷೇರು ಹುಟ್ಟಿದೆ. ಅದನ್ನು 14 ಜನಕ್ಕೆ, ತಲಾ 12 ರೂಪಾಯಿಗೆ ಕೊಟ್ಟಿದ್ದಾರೆ. ಇದಕ್ಕೆ ಪ್ರಿಫರೆನ್ಷಿಯಲ್ ಅಲಾಟ್‌ಮೆಂಟ್ ಅನ್ನುತ್ತಾರೆ. ಕಾನೂನುಬದ್ಧವಾದದ್ದೇ, ಒಳ್ಳೆ ಕಂಪನಿಗಳೂ ಮಾಡುತ್ತವೆ. ಪ್ರವರ್ತಕರ ಪಾಲು ಮಾತ್ರ ಶೇ 19ಕ್ಕೆ ಇಳಿದಿತ್ತು. ಕಂಪನಿ ಯಾರದು ಅನ್ನುವುದೇ ಬದಲಾಗಿತ್ತು ಅಂತ ಅರ್ಥ, ಅಲ್ವಾ?

ಹೀಗೆ ಪಡೆದ ಷೇರನ್ನು ತಕ್ಷಣ ಮಾರುವ ಹಾಗಿಲ್ಲ. ಪ್ರವರ್ತಕರಲ್ಲದವರಿಗೆ, ವಹಿವಾಟಿಗೆ ಅನುಮತಿ ಸಿಕ್ಕ ದಿನದಿಂದ ಆರು ತಿಂಗಳ ಲಾಕ್-ಇನ್ ಇದೆ. ಮೊದಲು ಒಂದು ವರ್ಷ ಇತ್ತು, 2022ರಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಅದನ್ನು ಇಳಿಸಿತು. ಎಷ್ಟು ಷೇರಿಗೆ ಲಾಕ್-ಇನ್ ಇದೆ ಅನ್ನುವ ಕಾಲಂ ಕೂಡ ಅದೇ ಪಟ್ಟಿಯಲ್ಲಿರುತ್ತದೆ. ಈ ಕಂಪನಿಗೆ ಅನುಮತಿ ಸಿಕ್ಕಿದ್ದು ನವೆಂಬರ್ ಮಧ್ಯದಲ್ಲಿ. ಆರು ತಿಂಗಳು ಕೂಡಿಸಿದರೆ ಮೇ ಮಧ್ಯ. ನಮ್ಮವರಿಗೆ 82ಕ್ಕೆ ಷೇರು ಸಿಕ್ಕಿದ್ದು ಯಾವಾಗ? ಮೇ ಮಧ್ಯ.

ಜೂನ್ ಕೊನೆಯ ಪಟ್ಟಿಯಲ್ಲಿ 14 ಹೆಸರಿನಲ್ಲಿ ಒಂಬತ್ತು ಕಾಣೆ. ಅವರ ಹತ್ತಿರ ಇದ್ದದ್ದು ಸುಮಾರು 70 ಲಕ್ಷ ಷೇರು. 12 ರೂಪಾಯಿ ಲೆಕ್ಕದಲ್ಲಿ ಹಾಕಿದ್ದು 8 ಕೋಟಿ 40 ಲಕ್ಷ. ಸರಾಸರಿ 85ಕ್ಕೆ ಹೋಗಿದ್ದರೂ ಬಂದದ್ದು 60 ಕೋಟಿಯ ಹತ್ತಿರ. ಅದೇ ಪಟ್ಟಿಯಲ್ಲಿ ಸಣ್ಣ ಷೇರುದಾರರ ಸಂಖ್ಯೆ 1,150 ಇದ್ದದ್ದು 18,400 ಆಗಿತ್ತು. ಅವರಲ್ಲಿ ಒಬ್ಬರು ನನ್ನೆದುರು ಕೂತಿದ್ದರು. ಆ 14 ಜನರೇ ಗುಂಪು ನಡೆಸಿದರು ಅಂತ ಈ ಕಾಗದದಿಂದ ಹೇಳಲು ಬರುವುದಿಲ್ಲ. ಅದಕ್ಕೆ ಫೋನ್, ಬ್ಯಾಂಕ್ ಖಾತೆ ಎಲ್ಲ ತಡಕುವ ಅಧಿಕಾರ ಬೇಕು, ಅದು ಸೆಬಿಯ ಕೆಲಸ. ಆದರೆ ಕೊಳ್ಳುವ ಮೊದಲು ದೂರ ಇರಲು ಅಷ್ಟು ಸಾಕ್ಷಿ ಯಾಕೆ ಬೇಕು? 12 ರೂಪಾಯಿಯ 1 ಕೋಟಿ 20 ಲಕ್ಷ ಷೇರು ಮುಂದಿನ ವಾರ ಬಿಡುಗಡೆ ಆಗುತ್ತದೆ ಅಂತ ಗೊತ್ತಿದ್ದರೆ 82 ಕೊಟ್ಟು ಯಾರೂ ಕೊಳ್ಳುತ್ತಿರಲಿಲ್ಲ.

ಸುದ್ದಿ ಎಂಬ ಸಾಮಾನು

ಏರಿಕೆಗೆ ಕಾರಣ ಬೇಕಲ್ಲ. ಏಪ್ರಿಲ್‌ನಲ್ಲಿ ಕಂಪನಿ ಎಕ್ಸ್‌ಚೇಂಜಿಗೆ ಒಂದು ಪತ್ರ ಕೊಟ್ಟಿತ್ತು. ವಿದೇಶದ ಒಂದು ಸಂಸ್ಥೆ ಜೊತೆ 300 ಕೋಟಿಯ ಸೋಲಾರ್ ಕೆಲಸಕ್ಕೆ ಒಡಂಬಡಿಕೆ ಆಗಿದೆ ಅಂತ. ಟೆಲಿಗ್ರಾಂನಲ್ಲಿ ಅದು "300 ಕೋಟಿ ಆರ್ಡರ್" ಆಯಿತು. ಪತ್ರ ಪೂರ್ತಿ ಓದಿದರೆ ಆ ಸಂಸ್ಥೆಯ ಹೆಸರಿಲ್ಲ. ಕೆಲಸ ಯಾವಾಗ ಶುರು, ಮುಂಗಡ ಎಷ್ಟು, ಏನೂ ಇಲ್ಲ. ಒಡಂಬಡಿಕೆ ಯಾರನ್ನೂ ಕಟ್ಟಿಹಾಕುವುದಿಲ್ಲ ಅಂತ ಕೊನೆಯಲ್ಲಿ ಒಂದು ಸಾಲು ಮಾತ್ರ ಇದೆ. ಕಂಪನಿಯ ಹಿಂದಿನ ವರ್ಷದ ಮಾರಾಟ 1 ಕೋಟಿ 80 ಲಕ್ಷ, ಲಾಭ 6 ಲಕ್ಷ. 94 ರೂಪಾಯಿಯಲ್ಲಿ ಮಾರುಕಟ್ಟೆ ಈ ಕಂಪನಿಗೆ ಕಟ್ಟಿದ ಬೆಲೆ 188 ಕೋಟಿ. ಮಾರಾಟದ ಅಂಕಿ ತೋರಿಸಿದಾಗ ಅವರು ಒಂದು ಸಲ ನಕ್ಕರು. "ನಮ್ಮ ಮಂಡಿದೇ ಇದಕ್ಕಿಂತ ಜಾಸ್ತಿ ಐತಲ್ರಿ" ಅಂದರು.

ಏಪ್ರಿಲ್ ಕೊನೆಗೆ ಎಕ್ಸ್‌ಚೇಂಜು ಕಂಪನಿಗೆ "ಬೆಲೆ ಯಾಕೆ ಹೀಗೆ ಏರುತ್ತಿದೆ" ಅಂತ ಸ್ಪಷ್ಟನೆ ಕೇಳಿತ್ತು. ಬೆಲೆ ಮೇಲೆ ಪರಿಣಾಮ ಬೀರುವಂಥ, ನಾವು ತಿಳಿಸದ ವಿಷಯ ಯಾವುದೂ ಇಲ್ಲ ಅಂತ ಕಂಪನಿ ಉತ್ತರಿಸಿತ್ತು. ಈ ಪ್ರಶ್ನೋತ್ತರ ಎರಡೂ ಕಂಪನಿಯ ಪ್ರಕಟಣೆಗಳ ಪಟ್ಟಿಯಲ್ಲೇ ಸಿಗುತ್ತದೆ. ನಾಲ್ಕು ಪಟ್ಟು ಏರಿದ ಷೇರಿಗೆ ಕಂಪನಿಯೇ "ಕಾರಣ ಗೊತ್ತಿಲ್ಲ" ಅನ್ನುತ್ತಿದೆ. ಓದಿದವರು ಎಷ್ಟು ಜನವೋ.

ಇದು ದಾವಣಗೆರೆಯ ಕಥೆ ಮಾತ್ರ ಅಲ್ಲ. ಸಾಧನಾ ಬ್ರಾಡ್‌ಕಾಸ್ಟ್ ಎಂಬ ಕಂಪನಿಯ ಷೇರಿನ ಬಗ್ಗೆ ಸೆಬಿ 2023ರ ಮಾರ್ಚ್‌ನಲ್ಲಿ ಮಧ್ಯಂತರ ಆದೇಶ ಹೊರಡಿಸಿತು. ಅಲ್ಲಿ ಟೆಲಿಗ್ರಾಂ ಬದಲು ಯೂಟ್ಯೂಬ್. 2022ರ ಜುಲೈನಲ್ಲಿ ಬಂದ ವಿಡಿಯೋಗಳು ದೊಡ್ಡ ಉದ್ಯಮ ಗುಂಪೊಂದು ಈ ಕಂಪನಿಯನ್ನು ಕೊಳ್ಳುತ್ತದೆ ಅಂದವು. ಅಮೆರಿಕದ ಸಂಸ್ಥೆಯೊಂದು ಭಕ್ತಿ ಸಿನಿಮಾ ತೆಗೆಯಲು 1,100 ಕೋಟಿಯ ಒಪ್ಪಂದ ಮಾಡಿಕೊಂಡಿದೆ ಅಂದವು. ವಿಡಿಯೋ ಹೆಚ್ಚು ಜನಕ್ಕೆ ಮುಟ್ಟಲು ದುಡ್ಡು ಕೊಟ್ಟು ಜಾಹೀರಾತು ಹಾಕಿದ್ದರು. ಎರಡು ಸಾವಿರ ಚಿಲ್ಲರೆ ಇದ್ದ ಸಣ್ಣ ಷೇರುದಾರರು 55 ಸಾವಿರ ದಾಟಿದರು. ಆ ಹೊತ್ತಿಗೆ ಪ್ರವರ್ತಕರೂ ಸೇರಿದಂತೆ ಕೆಲವರು ಮಾರಿ ಹೊರಬಿದ್ದಿದ್ದರು ಅನ್ನುವುದು ಆದೇಶದ ಸಾರ.

ಎಲ್ಲಿ ಎಚ್ಚರ ತಪ್ಪಬಹುದು

ಅಪ್ಪರ್ ಸರ್ಕ್ಯೂಟ್ ಮುಟ್ಟಿದ ಷೇರೆಲ್ಲ ಮೋಸ ಅಲ್ಲ. ಒಳ್ಳೆ ಫಲಿತಾಂಶ ಬಂದ ಚಿಕ್ಕ ಕಂಪನಿಯೂ ಎರಡು ಮೂರು ದಿನ ಹಾಗೆ ಏರುತ್ತದೆ. ಲಾಕ್-ಇನ್ ಮುಗಿದ ಕೂಡಲೇ ಎಲ್ಲರೂ ಮಾರುತ್ತಾರೆ ಅಂತಲೂ ಇಲ್ಲ. ನಾನು ನೋಡುವುದು ಇವು ಒಂದರ ಮೇಲೊಂದು ಬಂದಿವೆಯೇ ಅಂತ. ವಹಿವಾಟೇ ಇಲ್ಲದ ಷೇರು, ಹೆಸರು ಬದಲಿಸಿದ ಕಂಪನಿ, ಕೆಲವೇ ಜನಕ್ಕೆ ಅಗ್ಗಕ್ಕೆ ಹೋದ ಹೊಸ ಷೇರು, ಅದರ ಬಿಡುಗಡೆಯ ಹೊಸ್ತಿಲಲ್ಲಿ ಮುಖ ಕಾಣದವನ ಮೆಸೇಜು. ಇಷ್ಟು ಒಟ್ಟಿಗೆ ಇದ್ದರೆ ಇನ್ನೇನೂ ನೋಡಬೇಕಿಲ್ಲ.

ಆ್ಯಪಿನಲ್ಲಿ ಷೇರಿನ ಹೆಸರಿನ ಪಕ್ಕ ಎಎಸ್‌ಎಂ, ಜಿಎಸ್‌ಎಂ, ಇಎಸ್‌ಎಂ ಅಂತ ಗುರುತು ಬರುತ್ತದೆ. ಎಕ್ಸ್‌ಚೇಂಜು ಆ ಷೇರನ್ನು ವಿಶೇಷ ನಿಗಾದಲ್ಲಿ ಇಟ್ಟಿದೆ ಅಂತ ಅದರ ಅರ್ಥ. ಇದ್ದರೆ ಹುಷಾರಾಗಿ. ಆದರೆ ಗುರುತು ಇಲ್ಲದ್ದಕ್ಕೇ ಷೇರು ಚೆನ್ನಾಗಿದೆ ಅಂದುಕೊಳ್ಳಬೇಡಿ, ಸಾಮಾನ್ಯವಾಗಿ ಬೆಲೆ ಸಾಕಷ್ಟು ಏರಿದ ಮೇಲೆಯೇ ಈ ಗುರುತು ಬೀಳುವುದು. ಸರ್ಕ್ಯೂಟನ್ನು ಶೇ 2ಕ್ಕೆ ಇಳಿಸಿದರೆ ಇಳಿಕೆಯೂ ನಿಧಾನ, ಒಳಗೆ ಸಿಕ್ಕಿಕೊಂಡವರಿಗೆ ಹೊರಬರಲು ಇನ್ನೂ ಜಾಸ್ತಿ ದಿನ.

ಸಿಕ್ಕಿಕೊಂಡ ಮೇಲೆ ಏನು? ಲೋವರ್ ಸರ್ಕ್ಯೂಟಿನಲ್ಲಿ ಎಲ್ಲರೂ ಒಂದೇ ಬೆಲೆಗೆ ಮಾರುತ್ತಿರುತ್ತಾರೆ. ಬೆಲೆ ಒಂದೇ ಆದಾಗ ಮೊದಲು ಬಂದ ಆರ್ಡರಿಗೆ ಮೊದಲ ಸರದಿ. ನಮ್ಮವರು ಹತ್ತು ಗಂಟೆಗೆ ಮಂಡಿ ಲೆಕ್ಕ ಮುಗಿಸಿ ಆರ್ಡರ್ ಹಾಕುತ್ತಿದ್ದರು. ಅಷ್ಟರಲ್ಲಿ ಮುಂದೆ ಲಕ್ಷಗಟ್ಟಲೆ ಷೇರಿನ ಕ್ಯೂ. ಹಿಂದಿನ ರಾತ್ರಿಯೇ ಮರುದಿನದ ಕೆಳಮಿತಿ ಬೆಲೆಗೆ ಆಫ್ಟರ್ ಮಾರ್ಕೆಟ್ ಆರ್ಡರ್ ಹಾಕಿಟ್ಟರೆ ಸಾಲಿನಲ್ಲಿ ಸ್ವಲ್ಪ ಮುಂದೆ ಇರಬಹುದು. ಅದೂ ಖಾತ್ರಿಯಿಲ್ಲ. ಕೊಳ್ಳುವವರೇ ಇಲ್ಲದ ದಿನ ಮೊದಲ ಸರದಿಯೂ ಒಂದೇ, ಕೊನೆಯ ಸರದಿಯೂ ಒಂದೇ.

ದೂರು ಕೊಡೋಣವೇ ಅಂತ ಕೇಳಿದರು. ಯಾರಿಗೋ ದುಡ್ಡು ಕಳಿಸಿ ಮೋಸ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಆ ಖಾತೆ ತಡೆಹಿಡಿಸಬಹುದಿತ್ತು. ಇಲ್ಲಿ ಇವರು ತಮ್ಮದೇ ಡಿಮ್ಯಾಟಿನಿಂದ, ತಾವೇ ಬಟನ್ ಒತ್ತಿ ಕೊಂಡಿದ್ದಾರೆ. ತಡೆಹಿಡಿಯಲು ಖಾತೆಯೇ ಇಲ್ಲ. ಸೆಬಿಯ ಸ್ಕೋರ್ಸ್ ಪೋರ್ಟಲಿನಲ್ಲಿ ಗುಂಪಿನ ಸ್ಕ್ರೀನ್‌ಶಾಟ್, ದಿನಾಂಕ, ಷೇರಿನ ಹೆಸರು ಎಲ್ಲ ಸೇರಿಸಿ ದೂರು ಹಾಕಿಸಿದೆ. ಬೆಲೆ ಇಳಿದು ಆದ ನಷ್ಟವನ್ನು ಅಲ್ಲಿ ವಾಪಸ್ ಕೊಡಿಸುವುದಿಲ್ಲ ಅಂತ ಮೊದಲೇ ಹೇಳಿದ್ದೆ. ಅದೃಷ್ಟಕ್ಕೆ ಅವರು ಸ್ಕ್ರೀನ್‌ಶಾಟುಗಳನ್ನು ಅಳಿಸಿರಲಿಲ್ಲ.

ರಿಟರ್ನಿನ ಕೆಲಸ ಮಾತ್ರ ಪೂರ್ತಿ ಆಯಿತು. ಪ್ರತಿ ವರ್ಷ ಅವರದು ಐಟಿಆರ್ 1. ಈ ಸಲ ಐಟಿಆರ್ 2 ಹಾಕಿ, 1,59,800 ರೂಪಾಯಿಯನ್ನು ಅಲ್ಪಾವಧಿ ಬಂಡವಾಳ ನಷ್ಟ ಅಂತ ತೋರಿಸಿದೆವು. ಕೊನೆಯ ದಿನಾಂಕದೊಳಗೆ ಹಾಕಿದರೆ ಇದನ್ನು ಮುಂದಿನ ಎಂಟು ವರ್ಷ ಒಯ್ಯಬಹುದು, ಆಗ ಷೇರು ಅಥವಾ ಸೈಟು ಮಾರಿ ಲಾಭ ಬಂದರೆ ಅದರಲ್ಲಿ ಕಳೆಯಬಹುದು. ಸಂಬಳದ ತೆರಿಗೆಗೆ ಇದು ಉಪಯೋಗಕ್ಕೆ ಬರುವುದಿಲ್ಲ. ಹದಡಿ ರಸ್ತೆ ಕಡೆ ಅವರದೊಂದು ಹಳೆ ಸೈಟು ಇದೆಯಂತೆ. ಮಾರುವ ಯೋಚನೆ ಇದ್ದರೆ ಮೊದಲು ನನಗೊಂದು ಮಾತು ಹೇಳಿ ಅಂದಿದ್ದೇನೆ.